ಅಪ್ಪನ ಪಿಪಿಒ ಓದಿದ ದಿನ

ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಿಂದ 2010ರ ಜೂನ್ 30ರಂದು ನಿವೃತ್ತರಾದರು. ಎಲ್ಲರೂ ಪಿಪಿಒ ಎನ್ನುವ ಅವರ ಪಿಂಚಣಿ ಪಾವತಿ ಆದೇಶ ಅಂದಿನಿಂದ ಬೀರುವಿನಲ್ಲಿ ಮನೆ ಪತ್ರಗಳ ಜತೆಗೇ ಇತ್ತು. ಅದರ ಮೇಲಿನ ಹನ್ನೆರಡು ಅಂಕಿಯ ನಂಬರ್ ಯಾರಾದರೂ ಕೇಳಿದಾಗ ಮಾತ್ರ ಅಪ್ಪ ಅದನ್ನು ಹೊರಗೆ ತೆಗೆಯುತ್ತಿದ್ದರು. ಒಳಗೆ ಏನು ಬರೆದಿದೆ ಎಂದು ಅವರೂ ಸಾವಧಾನವಾಗಿ ಓದಿರಲಿಲ್ಲ, ನಾನಂತೂ ಮುಟ್ಟಿಯೇ ಇರಲಿಲ್ಲ. 2025ರ ನವೆಂಬರಿನಲ್ಲಿ ಜೀವಿತ ಪ್ರಮಾಣ ಪತ್ರ ಕೊಡುವ ಹೊತ್ತಿಗೆ ಅದು ಮತ್ತೆ ಹೊರಗೆ ಬಂತು. ಈ ಸಲ ಅಪ್ಪ ಅದನ್ನು ತಿರುಗಿ ಒಳಗಿಡಲಿಲ್ಲ.

"ಹದಿನೈದು ವರ್ಷ ಜುಲೈಗೇ ಮುಗೀತು. ಕಮ್ಯುಟೇಶನ್ ದುಡ್ಡು ಇನ್ನೂ ಹಿಡೀತಾನೇ ಇದಾರೆ. ಇದರಲ್ಲಿ ಏನಿದೆ ನೋಡು" ಎಂದರು.

ನಿವೃತ್ತಿಯಾಗುವವರು ತಮ್ಮ ಪಿಂಚಣಿಯ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೇ ಪಡೆಯಬಹುದು. ಅದೇ ಕಮ್ಯುಟೇಶನ್. ಕೇಂದ್ರ ಸರ್ಕಾರದ ನೌಕರರಿಗೆ ಇದರ ಮಿತಿ ಪಿಂಚಣಿಯ ಶೇ. 40. ಹಾಗೆ ಬಿಟ್ಟುಕೊಟ್ಟ ಪಾಲು ಹದಿನೈದು ವರ್ಷ ತಿಂಗಳು ತಿಂಗಳೂ ಕಡಿತವಾಗುತ್ತದೆ, ಆಮೇಲೆ ಪಿಂಚಣಿಗೆ ಮರಳಿ ಸೇರುತ್ತದೆ. ಇಷ್ಟು ಇಬ್ಬರಿಗೂ ಗೊತ್ತಿತ್ತು. ಎಷ್ಟು ಸೇರಬೇಕು, ಯಾವ ದಿನದಿಂದ ಸೇರಬೇಕು ಎಂಬುದನ್ನು ಹುಡುಕುತ್ತಾ ಮೇಜಿನ ಎದುರು ಕುಳಿತೆವು.

ಅಪ್ಪನ ಕೊನೆಯ ಸಂಬಳ 20,000 ರೂಪಾಯಿ. ಅದರ ಅರ್ಧ, 10,000, ಮೂಲ ಪಿಂಚಣಿ. ಅದರಲ್ಲಿ ಶೇ. 40 ಎಂದರೆ 4,000 ಕಮ್ಯೂಟ್ ಆಗಿತ್ತು. ಅದರ ಕೆಳಗಿನ ಸಾಲಿನಲ್ಲಿ 3,93,312 ಎಂದಿತ್ತು. ಆ ಮೊತ್ತ ಅಪ್ಪನಿಗೆ ಚೆನ್ನಾಗಿ ನೆನಪಿದೆ, ಅಕ್ಕನ ಮದುವೆ ಆದದ್ದು ಅದರಲ್ಲೇ. ಆದರೆ ಅದು ಹೇಗೆ ಬಂತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಕಾಲಂನಲ್ಲಿ 8.194 ಎಂಬ ಅಂಕಿ ಇತ್ತು. ಅದು ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರಿಗೆ ಕೋಷ್ಟಕದಲ್ಲಿರುವ ಗುಣಕ. 4,000ವನ್ನು 12ರಿಂದ ಗುಣಿಸಿ ವರ್ಷದ ಮೊತ್ತ ಮಾಡಿ, ಅದನ್ನು 8.194ರಿಂದ ಗುಣಿಸಿದರೆ ಸರಿಯಾಗಿ 3,93,312. ಅಪ್ಪ ತಾವೇ ಪೆನ್ನು ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿದರು. ಜೀವಮಾನವಿಡೀ ಬೇರೆಯವರ ಬಿಲ್ಲು ತಪಾಸಣೆ ಮಾಡಿದ ಕೈ ಅದು. ತಮ್ಮದೇ ಲೆಕ್ಕ ತಾಳೆಯಾದಾಗ ಆದ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು.

ಪಿಪಿಒ ಜತೆಗೆ ಏಳನೇ ವೇತನ ಆಯೋಗದ ನಂತರ ಬಂದ ಪರಿಷ್ಕೃತ ಆದೇಶವೂ ಇತ್ತು. 2016ರ ಜನವರಿ 1ರಿಂದ ಅನ್ವಯವಾಗುವಂತೆ ಹಳೆಯ ಸಂಬಳವನ್ನು ಹೊಸ ಶ್ರೇಣಿಯಲ್ಲಿ 52,000ಕ್ಕೆ ಕೂರಿಸಿ, ಮೂಲ ಪಿಂಚಣಿಯನ್ನು 26,000 ಮಾಡಿದ್ದರು. ಅಪ್ಪನ ಎಣಿಕೆ ಎಡವಿದ್ದು ಇಲ್ಲಿ. "ಇಪ್ಪತ್ತಾರು ಸಾವಿರಕ್ಕೆ ನಲವತ್ತು ಪರ್ಸೆಂಟ್ ಅಂದ್ರೆ ಹತ್ತು ಸಾವಿರದ ನಾನೂರು. ಅಷ್ಟು ವಾಪಸ್ ಬರಬೇಕಲ್ಲ?" ಎಂದರು.

"ಇಲ್ಲಪ್ಪ, ಇಲ್ಲಿ ನೋಡಿ. ಕಮ್ಯೂಟ್ ಆದ ಭಾಗ ಅಂತ ಹೊಸ ಆದೇಶದಲ್ಲೂ ನಾಲ್ಕು ಸಾವಿರಾನೇ ಇದೆ."

ಅವರು 2010ರಲ್ಲಿ ಮಾರಿಕೊಂಡದ್ದು ತಿಂಗಳಿಗೆ 4,000 ಮಾತ್ರ. ಪಿಂಚಣಿ ಬೆಳೆದರೂ ಕಡಿತ ಬೆಳೆಯಲಿಲ್ಲ, ಹಾಗಾಗಿ ಮರಳುವುದೂ ಅಷ್ಟೇ. ಇದರಿಂದ ತುಟ್ಟಿಭತ್ಯೆಯೂ ಹೆಚ್ಚುವುದಿಲ್ಲ. ಏಕೆಂದರೆ ಕಡಿತದ ಹದಿನೈದೂ ವರ್ಷ ಅದನ್ನು ಪೂರ್ತಿ ಮೂಲ ಪಿಂಚಣಿಯ ಮೇಲೆಯೇ ಕೊಡುತ್ತಾ ಬಂದಿರುತ್ತಾರೆ. ಅಕ್ಟೋಬರ್ ತಿಂಗಳ ಜಮೆಯನ್ನು ಪಾಸ್‌ಬುಕ್ಕಿನಲ್ಲಿ ನೋಡಿದೆವು: ಮೂಲ 26,000, ಅದರ ಶೇ. 58 ತುಟ್ಟಿಭತ್ಯೆ 15,080, ಎರಡರ ಒಟ್ಟಿನಿಂದ 4,000 ಕಳೆದು 37,080. ಕಡಿತ ನಿಂತಿದ್ದರೆ 41,080 ಇರಬೇಕಿತ್ತು. ಕಡಿತ ನಿಂತಿಲ್ಲ ಎಂಬ ಅಪ್ಪನ ಅನುಮಾನ ಸರಿಯೇ ಆಗಿತ್ತು.

ಆದರೆ ಯಾವ ದಿನದಿಂದ? ಹದಿನೈದು ವರ್ಷವನ್ನು ನಿವೃತ್ತಿಯ ದಿನದಿಂದ ಎಣಿಸುವುದಿಲ್ಲ, ಕಡಿತ ಜಾರಿಗೆ ಬಂದ ದಿನದಿಂದ ಎಣಿಸುತ್ತಾರೆ. ನಿವೃತ್ತಿಯಾದ ಮೊದಲ ತಿಂಗಳಲ್ಲೇ ಒಟ್ಟು ಮೊತ್ತ ಕೈಗೆ ಬಂದಿದ್ದರೆ ಎರಡೂ ಒಂದೇ. ತಡವಾದರೆ, ಹಣ ಸಿಗುವವರೆಗೆ ಪೂರ್ತಿ ಪಿಂಚಣಿ ಸಲ್ಲುತ್ತದೆ, ಗಡುವೂ ಮುಂದೆ ಹೋಗುತ್ತದೆ. ಪಿಪಿಒದ ಹಿಂಭಾಗದಲ್ಲಿ ಮಾಸಿದ ರಬ್ಬರ್ ಮೊಹರಿನ ಒಳಗೆ ನೀಲಿ ಶಾಯಿಯಲ್ಲಿ ಯಾರೋ ಬರೆದಿದ್ದರು: 17-09-2010. ಕಿಟಕಿಯ ಬೆಳಕಿಗೆ ಹಿಡಿದು, ಅದು ಏಳೋ ಒಂದೋ ಎಂದು ಇಬ್ಬರೂ ಕಣ್ಣು ಕಿರಿದು ಮಾಡಿ ನೋಡಿದೆವು. ಹಳೆಯ ಪಾಸ್‌ಬುಕ್ ತೆಗೆದಾಗ ಅದೇ ತಾರೀಖಿಗೆ ಮೊತ್ತ ಜಮೆಯಾಗಿತ್ತು. ಹಾಗಾದರೆ ಪಾಲು ಮರಳಬೇಕಾದದ್ದು 2025ರ ಸೆಪ್ಟೆಂಬರ್ 17ರಿಂದ. ಆ ತಿಂಗಳ ಉಳಿದ 14 ದಿನಕ್ಕೆ 1,867, ಅಕ್ಟೋಬರಿಗೆ 4,000, ಒಟ್ಟು 5,867 ರೂಪಾಯಿ ಬಾಕಿ. ಜುಲೈಯಿಂದ ಎಂದು ಬರೆದಿದ್ದರೆ ಅರ್ಜಿಯೇ ವಾಪಸ್ ಬರುತ್ತಿತ್ತು.

ಇಷ್ಟಕ್ಕೆ ನಮ್ಮ ಕೆಲಸ ಮುಗಿದಿತ್ತು. ಆದರೂ ಕುಟುಂಬ ಪಿಂಚಣಿಯ ಭಾಗ ಬಂದಾಗ ನಾನು ಓದುವುದನ್ನು ನಿಲ್ಲಿಸಿದೆ. ಅಪ್ಪನ ನಂತರ ಅಮ್ಮನಿಗೆ ಎಷ್ಟು ಎನ್ನುವ ಸಾಲುಗಳವು. ಅಮ್ಮ ಅಡುಗೆಮನೆಯಲ್ಲಿದ್ದಳು. "ಓದು, ಅದೇ ಮುಖ್ಯ" ಎಂದರು ಅಪ್ಪ.

ಅಲ್ಲಿ ಎರಡು ದರಗಳಿದ್ದವು. ಹೆಚ್ಚಿನ ದರ ಅಪ್ಪನ ಪಿಂಚಣಿಯಷ್ಟೇ. ಪಿಂಚಣಿದಾರರು ತೀರಿಕೊಂಡ ನಂತರ ಏಳು ವರ್ಷ, ಅಥವಾ ಅವರಿಗೆ 67 ತುಂಬುತ್ತಿದ್ದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅದು ಸಿಗುತ್ತದೆ. ಅಪ್ಪನಿಗೆ ಆ ಗಡುವು 2017ರ ಜೂನ್‌ಗೇ ದಾಟಿತ್ತು. ಈಗ ಉಳಿದಿರುವುದು ಸಾಮಾನ್ಯ ದರ, ಎಂದರೆ ಹೊಸ ಶ್ರೇಣಿಯ 52,000 ಸಂಬಳದ ಶೇ. 30: 15,600. ಶೇ. 58 ತುಟ್ಟಿಭತ್ಯೆ ಸೇರಿಸಿದರೆ 24,648. ಅಮ್ಮನಿಗೆ ಈಗಿನ ಪಿಂಚಣಿಯೇ ಮುಂದುವರಿಯುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಅಪ್ಪ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ ಅಮ್ಮನನ್ನೂ ಕರೆದು ಕೂರಿಸಿ, ಅಂಕಿಯನ್ನು ಅವರೇ ಹೇಳಿದರು. ಹಾಗೆ ಹೇಳಿದ್ದು ನನಗೆ ಬಹಳ ಸರಿಯೆನಿಸಿತು. ಮನೆಯ ಖರ್ಚು ಗೊತ್ತಿರುವುದು ಅವಳಿಗೆ.

ಆ ಪುಟದಲ್ಲೇ ಒಂದು ಕೊರತೆ ಕಂಡಿತು. ಅಮ್ಮನ ಹೆಸರಿತ್ತು, ಜನ್ಮ ದಿನಾಂಕದ ಜಾಗ ಖಾಲಿ ಇತ್ತು. 80 ತುಂಬಿದವರಿಗೆ ಮೂಲ ಪಿಂಚಣಿಯ ಶೇ. 20 ಹೆಚ್ಚುವರಿ ಸಿಗುತ್ತದೆ. ಅಪ್ಪನಿಗೆ 2030ರ ಜೂನ್ 1ರಿಂದ, ಈಗಿನ ಮೂಲದ ಲೆಕ್ಕದಲ್ಲಿ ತಿಂಗಳಿಗೆ 5,200. ಕುಟುಂಬ ಪಿಂಚಣಿಗೂ ಇದೇ ನಿಯಮ, ಆದರೆ ಆಗ ಲೆಕ್ಕಕ್ಕೆ ಬರುವುದು ಅಮ್ಮನ ವಯಸ್ಸು. ದಿನಾಂಕವೇ ಇಲ್ಲದಿದ್ದರೆ ಅವಳೊಬ್ಬಳೇ ಆ ವಯಸ್ಸಿನಲ್ಲಿ ದಾಖಲೆ ಹಿಡಿದು ಓಡಾಡಬೇಕು. ಅಪ್ಪ ಇರುವಾಗ, ಅವರ ಸಹಿಯಲ್ಲೇ ಇದನ್ನು ಸರಿಮಾಡಿಸುವುದು ಎಷ್ಟೋ ಸುಲಭ.

ಎರಡು ಅರ್ಜಿ ಬರೆದೆವು. ಮೊದಲನೆಯದು ಬ್ಯಾಂಕಿಗೆ, ಪಾಲು ಮರಳಿಸಲು. ಜತೆಗೆ ಪಿಪಿಒ, ಮೊಹರಿದ್ದ ಹಿಂಬದಿ ಮತ್ತು 2010ರ ಪಾಸ್‌ಬುಕ್ ಪುಟದ ನಕಲು ಇಟ್ಟೆವು. ಶಾಖೆಯವರು ನೋಡಿದಾಗ ಅವರ ಕಂಪ್ಯೂಟರಿನಲ್ಲಿ ಕಮ್ಯುಟೇಶನ್ ದಿನಾಂಕ ದಾಖಲಾಗಿಯೇ ಇರಲಿಲ್ಲ, ಕಡಿತ ತಾನಾಗಿ ನಿಲ್ಲದ್ದಕ್ಕೆ ಅದೇ ಕಾರಣ. ಎರಡನೆಯದು ಅಪ್ಪ ಕೊನೆಗೆ ದುಡಿದ ಕಚೇರಿಗೆ, ಅಮ್ಮನ ಜನ್ಮ ದಿನಾಂಕದ ದಾಖಲೆಯೊಡನೆ. ಪಿಪಿಒ ತಿದ್ದುವ ಅಧಿಕಾರ ಬ್ಯಾಂಕಿಗಿಲ್ಲ. ಆ ಕಚೇರಿಯಿಂದ ಲೆಕ್ಕಪತ್ರ ಕಚೇರಿಗೆ, ಅಲ್ಲಿಂದ ದೆಹಲಿಯ ಕೇಂದ್ರೀಯ ಪಿಂಚಣಿ ಲೆಕ್ಕಪತ್ರ ಕಚೇರಿಗೆ ಹೋಗಿ ತಿದ್ದುಪಡಿ ಬ್ಯಾಂಕಿಗೆ ಬರಬೇಕು.

ಡಿಸೆಂಬರಿನ ಪಿಂಚಣಿಯೊಂದಿಗೆ ಬಾಕಿ ಹಣ ಬಂತು. ಅಮ್ಮನ ದಿನಾಂಕದ ತಿದ್ದುಪಡಿ ಇನ್ನೂ ಬಂದಿಲ್ಲ. ಸ್ವೀಕೃತಿಯ ಮೊಹರು ಬಿದ್ದ ಅರ್ಜಿಯ ಪ್ರತಿಯನ್ನು ಪಿಪಿಒ ಜತೆ ಪಿನ್ ಮಾಡಿದ್ದೇವೆ. ಯಾವ ಬೀರು, ಯಾವ ಕಡತ ಎಂಬುದು ಈಗ ಅಮ್ಮನಿಗೂ ಗೊತ್ತು.