ಇದನ್ನು ಯಾರು ಇಲ್ಲ ಎನ್ನುತ್ತಾರೆ?

ಅಣ್ಣನ ಮಗಳು ರಾಯಚೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಓದುತ್ತಿದ್ದಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಬಗ್ಗೆ ಬರೆದ ಪ್ರಬಂಧವನ್ನು ಈ ವಾರ ನನ್ನ ಮುಂದಿಟ್ಟಳು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: ‘ವಿಶ್ಲೇಷಣೆ ಸಾಲದು’. ಹೀಗೆ ಷರಾ ಬರೆದು ಕೈತೊಳೆದುಕೊಳ್ಳುವ ಮೇಷ್ಟ್ರುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು.

ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಓದು ಎಂದೆ. ‘ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು.’ ‘ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ನೀರುಣಿಸುತ್ತದೆ.’ ‘ಜಲಾಶಯದಲ್ಲಿ ಹೂಳು ತುಂಬಿದೆ.’ ‘ಮಾನ್ವಿ ಭಾಗಕ್ಕೆ ನೀರು ಸರಿಯಾಗಿ ತಲುಪುವುದಿಲ್ಲ.’

ಓದಿ ಮುಗಿಸಿ ಹೆಮ್ಮೆಯಿಂದ ಕೇಳಿದಳು: “ಇದನ್ನು ಯಾರು ಇಲ್ಲ ಎನ್ನುತ್ತಾರೆ, ಕಾಕಾ?”

ಯಾರೂ ಅನ್ನುವುದಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಯಾರೂ ಅಲ್ಲಗಳೆಯದ ಮಾತು ಪ್ಯಾರಾದ ನೆತ್ತಿಯ ಮೇಲೆ ಕುಳಿತರೆ ಕೆಳಗಿನ ವಾಕ್ಯಗಳಿಗೆ ಸಾಧಿಸಲು ಏನೂ ಉಳಿಯುವುದಿಲ್ಲ. ಒಂದರ ಹಿಂದೆ ಒಂದು ಮಾಹಿತಿ ಬಂದು ಕೂರುತ್ತದೆ ಅಷ್ಟೇ.

ನಾಲ್ಕನೆಯ ಪ್ಯಾರಾ ಹಿಡಿದೆವು. ಅವಳು ಮೊದಲು ತಿದ್ದಿದ್ದು ಹೀಗೆ: ‘ಮೇಲ್ಭಾಗದ ರೈತರ ದುರಾಸೆಯಿಂದ ಮಾನ್ವಿಗೆ ನೀರಿಲ್ಲ.’ ಇದನ್ನು ಅಲ್ಲಗಳೆಯಬಹುದು, ನಿಜ. ಆದರೆ ದುರಾಸೆಗೆ ಅವಳ ಬಳಿ ಪುರಾವೆ ಎಲ್ಲಿತ್ತು? ಇದ್ದದ್ದು ಬೆಳೆ ಮತ್ತು ನೀರಿನ ವಿವರ ಮಾತ್ರ. ಯೋಜನೆಯಲ್ಲಿ ಹೆಚ್ಚಿನ ನೆಲವನ್ನು ಕಡಿಮೆ ನೀರಿನ ಬೆಳೆಗಳಿಗೆಂದು ಗುರುತಿಸಿದ್ದರೂ ಕಾಲುವೆಯ ಮೇಲ್ಭಾಗದ ಗಂಗಾವತಿ, ಸಿಂಧನೂರಿನ ಕಡೆ ಭತ್ತ ಹಬ್ಬಿದೆ. ಆದ್ದರಿಂದ ವಾಕ್ಯವನ್ನು ಪುರಾವೆಯ ಅಳತೆಗೆ ಕತ್ತರಿಸಿದೆವು: ‘ಕೊನೆಯ ಭಾಗಕ್ಕೆ ನೀರು ತಲುಪದಿರಲು ಹೂಳಿಗಿಂತ ಮೇಲ್ಭಾಗದ ಭತ್ತವೇ ದೊಡ್ಡ ಕಾರಣ.’

ಈಗ ‘ಹೂಳಿಗಿಂತ’ ಎಂಬುದು ಸಾಲ ಮಾಡಿದಂತೆ, ತೀರಿಸಲೇಬೇಕು. ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದದ್ದು ಮೂರನೆಯ ಪ್ಯಾರಾದಲ್ಲಿ ಸುಮ್ಮನೆ ಬಿದ್ದಿತ್ತು. ಅದನ್ನು ಇಲ್ಲಿಗೆ ತಂದಳು. ಹೂಳೊಂದೇ ಕಾರಣವಾಗಿದ್ದರೆ ಕೊರತೆ ಗಂಗಾವತಿಗೂ ಮಾನ್ವಿಗೂ ಸಮನಾಗಿ ತಟ್ಟಬೇಕಿತ್ತು. ಒಟ್ಟು ನೀರು ಏಕೆ ಕಡಿಮೆ ಎಂಬುದನ್ನು ಹೂಳು ಹೇಳುತ್ತದೆ, ಆ ಕೊರತೆ ಯಾರ ಪಾಲಿಗೆ ಬಂತು ಎಂಬುದನ್ನು ಹೇಳುವುದಿಲ್ಲ. ಈ ಎರಡು ವಾಕ್ಯಗಳನ್ನು ಅವಳೇ ಬರೆದಳು. ಮೇಷ್ಟ್ರು ಕೇಳಿದ್ದು ಇದನ್ನೇ. 1953ರ ಮಾತಿಗೆ ಈ ಪ್ಯಾರಾದಲ್ಲಿ ಕೆಲಸವಿರಲಿಲ್ಲ, ಪೀಠಿಕೆಗೆ ಹೋಯಿತು.

ಮುಗಿಯಿತು ಎಂದುಕೊಂಡಾಗ ಅವಳೇ ತಡೆದಳು. “ನೀರು ಬಂದ ವರ್ಷ ಅಪ್ಪನೂ ಭತ್ತವನ್ನೇ ಹಾಕುತ್ತಾರಲ್ಲ, ಕಾಕಾ?” ಅಣ್ಣನ ಹೊಲ ಮಾನ್ವಿಯಿಂದಾಚೆ, ಕಾಲುವೆಯ ಬಾಲದಲ್ಲಿದೆ. ದುರಾಸೆ ಎಂಬ ಪದ ಬಿಟ್ಟದ್ದು ಒಳ್ಳೆಯದೇ ಆಯಿತು. ಮುಂದಿನ ಪ್ಯಾರಾಕ್ಕೆ ‘ಎಲ್ಲಿ ನೀರು ಸಿಕ್ಕರೂ ರೈತ ಭತ್ತವನ್ನೇ ಆರಿಸುವುದು ಅದರ ಮಾರುಕಟ್ಟೆ ಭದ್ರವಾಗಿರುವುದರಿಂದ’ ಎಂದು ಬರೆದಿದ್ದಾಳೆ. ಇದಕ್ಕೆ ಜೋಳ, ಭತ್ತ ಎರಡರ ದರಪಟ್ಟಿ ಬೇಕು. ಸೋಮವಾರ ಎಪಿಎಂಸಿಗೆ ಹೋಗಿ ಕೇಳುತ್ತಾಳಂತೆ.