ಹೆಸರು ಮೊದಲು, ಸೀರೆಯ ಬಣ್ಣ ಆಮೇಲೆ

ಪದವಿ ತರಗತಿಯ ಪಠ್ಯಗಳನ್ನು ಓದಿ ಧ್ವನಿಮುದ್ರಿಸುವ ಕೆಲಸ ಹಂಚಿಕೊಳ್ಳಲು ಧಾರವಾಡದಲ್ಲಿ ನಾವೊಂದಿಷ್ಟು ಜನ ಸೇರಿದ್ದೆವು. ಹಾಲ್‌ನಲ್ಲಿ 12 ಮಂದಿ, ಜೂಮ್‌ನಲ್ಲಿ ಐವರು, ಬರೀ ಫೋನ್ ಕರೆಯ ಮೇಲೆ ಒಬ್ಬರು. ಕೆಲವರಿಗೆ ಕಣ್ಣು ಕಾಣುವುದಿಲ್ಲ, ಒಬ್ಬರಿಗೆ ಕಿವಿ ಕೇಳುವುದಿಲ್ಲ. ಸಭೆ ನಡೆಸಿಕೊಡುವ ಹೊಣೆ ನನ್ನದಾಗಿತ್ತು. ಚಿಕ್ಕಂದಿನಲ್ಲೇ ನನ್ನ ದೃಷ್ಟಿ ಹೋಯಿತಾದರೂ ಬಣ್ಣಗಳು ಇನ್ನೂ ನೆನಪಿವೆ.

ಎಲ್ಲರೂ ಹೆಸರಿನ ಜೊತೆಗೆ ತಾವು ಹೇಗೆ ಕಾಣುತ್ತೇವೆಂದೂ ಒಂದೆರಡು ಮಾತು ಹೇಳಬೇಕೆಂದು ಕೇಳಿಕೊಂಡೆ. ಮೊದಲು ಎದ್ದವರು ಒಬ್ಬ ಹಿರಿಯ ಮೇಷ್ಟ್ರು. ಬಿಳಿ ಜುಬ್ಬಾ, ಕಂದು ಬಣ್ಣದ ಜಾಕೀಟು, ಕನ್ನಡಕದ ಚೌಕಟ್ಟು, ನರೆತ ಕೂದಲು, ಎತ್ತರ ಎಲ್ಲವನ್ನೂ ಪ್ರೀತಿಯಿಂದ ಹೇಳಿ, ಕೊನೆಗೆ ಹೆಸರು ಹೇಳಿ ಕೂತರು. ಅಷ್ಟೂ ಹೊತ್ತು ಆ ಜುಬ್ಬಾ ಯಾರದೆಂದು ನಮಗೆ ಗೊತ್ತಿರಲಿಲ್ಲ. ಕಾಣದವರಿಗೆ ಮೊದಲು ಬೇಕಾದದ್ದು ದನಿಗೂ ಹೆಸರಿಗೂ ಗಂಟು ಬೀಳುವುದು. ಆ ಗಂಟು ಬಿದ್ದ ಮೇಲೆ ಜುಬ್ಬಾ, ಕನ್ನಡಕ ಎಲ್ಲವೂ ಅದಕ್ಕೆ ಅಂಟಿಕೊಳ್ಳುತ್ತವೆ. ಹೆಸರು ಕೊನೆಗೆ ಬಂದರೆ ಅಲ್ಲಿಯವರೆಗೆ ಕೇಳಿದ್ದನ್ನು ಮತ್ತೆ ಮನಸ್ಸಿನಲ್ಲಿ ಹಿಂದಕ್ಕೆ ಹೋಗಿ ಜೋಡಿಸಬೇಕು, ಅಷ್ಟರಲ್ಲಿ ಮುಂದಿನವರು ಶುರು ಮಾಡಿರುತ್ತಾರೆ. ಸಮಯದ ಲೆಕ್ಕವೂ ಇತ್ತು. ತಲೆಗೊಂದು ನಿಮಿಷವೆಂದರೆ ಪರಿಚಯಕ್ಕೇ 18 ನಿಮಿಷ. 20 ಸೆಕೆಂಡಾದರೆ ಆರೇ ನಿಮಿಷ.

ಹಾಗಾಗಿ ಅವರ ನಂತರ ನಾನೇ ಒಂದು ಮಾದರಿ ಹೇಳಿದೆ. ಮೊದಲು ಹೆಸರು ಮತ್ತು ಮಾಡುವ ಕೆಲಸ. ಆಮೇಲೆ, "ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೇನೆ. ಐವತ್ತರ ಹೆಂಗಸು, ಹಸಿರು ಇಳಕಲ್ ಸೀರೆ, ಕಪ್ಪು ಕನ್ನಡಕ. ಕೈಯಲ್ಲಿ ಬಿಳಿ ಕೋಲಿದೆ. ನೀವು ಕೈ ಎತ್ತಿದರೆ ನನಗೆ ಕಾಣುವುದಿಲ್ಲ, ಹೆಸರು ಹೇಳಿ ಮಾತಾಡಿ." ಈ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಉಪಯೋಗದ್ದು ಎಂದು ನನ್ನ ಅನಿಸಿಕೆ. ನಾವು ಹೇಗೆ ಕಾಣುತ್ತೇವೆ ಎನ್ನುವುದರ ಜೊತೆ, ನಮ್ಮೊಡನೆ ಹೇಗೆ ಮಾತಾಡಬೇಕು ಎನ್ನುವುದೂ ಗೊತ್ತಾಗಬೇಕು.

ಜಾಗ ಹೇಳುವುದಕ್ಕೂ ಒಂದು ಕ್ರಮ ಬೇಕು. "ನಾನು ಎಡಗಡೆ ಕೂತಿದ್ದೇನೆ" ಎಂದರೆ ಯಾರ ಎಡ? ಬಿಳಿಕೋಲು ಹಿಡಿದು ನಡೆಯಲು ಕಲಿಸುವವರು ಗಡಿಯಾರದ ಮುಖವನ್ನು ಬಳಸುತ್ತಾರೆ. ನಾವೂ ಅದನ್ನೇ ಮಾಡಿದೆವು. ಬಾಗಿಲು ಆರು ಗಂಟೆ, ಅದರ ಎದುರಿನ ಗೋಡೆ ಹನ್ನೆರಡು. ಮೂರು ಗಂಟೆಯ ಜಾಗದಲ್ಲಿದ್ದೇನೆ ಎಂದರೆ ಹಾಲ್‌ನಲ್ಲಿದ್ದ ಎಲ್ಲರಿಗೂ ಒಂದೇ ಅರ್ಥ. ಆದರೆ ಜೂಮ್‌ನಲ್ಲಿದ್ದವರಿಗೆ ಮೇಜಿನ ನಡುವೆ ಇಟ್ಟ ಒಂದೇ ಮೈಕಿನಿಂದ ಎಲ್ಲ ದನಿಗಳೂ ಒಂದೇ ದಿಕ್ಕಿನಿಂದ ಬಂದ ಹಾಗೆ ಕೇಳಿಸುತ್ತವೆ. ಅವರಿಗೆ "ಹಾಲ್‌ನಿಂದ" ಎಂದರೆ ಸಾಕು. ನಮಗೆ ಪ್ರತಿಯಾಗಿ ಅವರು "ಜೂಮ್‌ನಿಂದ" ಎನ್ನಬೇಕು, ಇಲ್ಲವಾದರೆ ಸ್ಪೀಕರ್ ಇಟ್ಟ ಮೂಲೆಯಲ್ಲಿ ಯಾರೋ ಕೂತಿದ್ದಾರೆಂದು ಅಂದುಕೊಳ್ಳುತ್ತೇವೆ.

ಜೂಮ್ ಕಡೆಯಲ್ಲಿ ಇನ್ನೊಂದು ತೊಡಕಿತ್ತು. ಒಬ್ಬರ ಪರಿಚಯ ನಡೆಯುತ್ತಿರುವಾಗಲೇ ಉಳಿದವರು ಚಾಟ್‌ನಲ್ಲಿ "ನಮಸ್ಕಾರ" ಎಂದು ಬರೆಯತೊಡಗಿದರು. ಎನ್‌ವಿಡಿಎಯಂತಹ ಪರದೆ ಓದುವ ತಂತ್ರಾಂಶ ಇಟ್ಟುಕೊಂಡವರಿಗೆ ಅದು ಪ್ರತಿ ನಮಸ್ಕಾರವನ್ನೂ ಮಾತಾಡುವವರ ದನಿಯ ಮೇಲೆಯೇ ಗಟ್ಟಿಯಾಗಿ ಓದಿ ಹೇಳುತ್ತದೆ. ಪರಿಚಯ ಮುಗಿಯುವವರೆಗೆ ಚಾಟ್ ಬೇಡವೆಂದು ಹೇಳಿದ ಮೇಲೆ ಕಿವಿ ಹಗುರಾಯಿತು. ಒಬ್ಬರ ಹೆಸರಿನ ಜಾಗದಲ್ಲಿ ಅವರ ಮೊಬೈಲಿನ ಮಾದರಿ ಸಂಖ್ಯೆಯಿತ್ತು, ಅದನ್ನೂ ಬದಲಿಸಲು ಹೇಳಿದೆವು. ಪಟ್ಟಿ ಓದಿಸಿ ನೋಡುವವರಿಗೆ ಆ ಸಂಖ್ಯೆಯಿಂದ ಯಾರೆಂದು ತಿಳಿಯುವುದಿಲ್ಲ.

ಕಿವಿ ಕೇಳದ ಗೆಳೆಯರ ಸರದಿ ಬಂದಾಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಕೈಸನ್ನೆಯಲ್ಲಿ ಹೇಳುತ್ತಾರೆ, ದುಭಾಷಿ ಅದನ್ನು ಮಾತಿನಲ್ಲಿ ಹೇಳುತ್ತಾರೆ. ದುಭಾಷಿ ಎಳೆಯ ಹುಡುಗಿ. "ನಾನು ಎತ್ತರದ ಆಳು, ಮೀಸೆ ಬಿಟ್ಟಿದ್ದೇನೆ" ಎಂಬ ಮಾತು ತೆಳು ಹೆಣ್ಣುದನಿಯಲ್ಲಿ ಬಂತು. ಕಾಣುವವರಿಗೆ ಅದರಲ್ಲಿ ಏನೂ ಗೊಂದಲವಿಲ್ಲ. ನಮಗೆ ಮಾತ್ರ ದನಿ ಒಬ್ಬರದು, ಮೈ ಇನ್ನೊಬ್ಬರದು. ಆಕೆ ಜಾಣೆ, ತಕ್ಷಣ ತಡೆದು ಹೇಳಿದಳು: "ನಾನು ದುಭಾಷಿ. ಅವರ ಪಕ್ಕದಲ್ಲಿ ನಿಂತು ಅವರ ಮಾತನ್ನು ನನ್ನ ದನಿಯಲ್ಲಿ ಹೇಳುತ್ತಿದ್ದೇನೆ. ಅವರ ಮಾತಿಗೆ ಮೊದಲು ಅವರ ಹೆಸರು ಹೇಳುತ್ತೇನೆ, ನನ್ನದೇ ಮಾತಾದರೆ 'ದುಭಾಷಿ' ಎನ್ನುತ್ತೇನೆ." ಅಲ್ಲಿಂದ ಸಭೆ ಮುಗಿಯುವವರೆಗೆ ಅವರಿಬ್ಬರನ್ನು ನಾವು ಬೆರೆಸಲಿಲ್ಲ. ಸನ್ನೆ ಮಾತಾಗಿ ಬರಲು ಒಂದಿಷ್ಟು ಹೊತ್ತು ಹಿಡಿಯುತ್ತದೆ, ಆ ಮೌನ ಯಾಕೆಂದೂ ಗೊತ್ತಾಯಿತು.

ನಮ್ಮಲ್ಲೇ ಒಮ್ಮತವಿರಲಿಲ್ಲ. ಹುಟ್ಟಿನಿಂದ ಕಾಣದ ಗೆಳೆಯರೊಬ್ಬರು ನೇರವಾಗಿಯೇ ಹೇಳಿದರು: "ಅಂಗಿ ಬಣ್ಣ ತಗೊಂಡು ನಾ ಏನ್ ಮಾಡ್ಲಿ ಅಕ್ಕಾರ? ಮಾತಾಡೋರು ಯಾರಂತ ಗೊತ್ತಾದ್ರ ಸಾಕ್ರಿ." ಹಾಗೆಂದು ಬಣ್ಣಗಳ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲವೆಂದಲ್ಲ, ಜನರ ಮಾತಿನಿಂದ ಎಲ್ಲವೂ ತಿಳಿದಿದೆ. ಅವರಿಗೆ ಸಭೆಯಲ್ಲಿ ಅದರ ಅಗತ್ಯವಿಲ್ಲ, ಅಷ್ಟೇ. ಅವರ ಪಕ್ಕದಲ್ಲಿದ್ದ ವಿದ್ಯಾರ್ಥಿನಿಗೆ ಮಂದದೃಷ್ಟಿ. ಅವಳು ಒಪ್ಪಲಿಲ್ಲ. "ನನಗ ಮುಖ ಕಾಣೂದಿಲ್ಲ ಸರ, ಬಣ್ಣ ಕಾಣ್ತದ. ಹಳದಿ ಸೀರಿ ಅಂತ ಇನ್ನೊಬ್ರು ಮೇಡಂ ಹೇಳಿದ್ರಲ್ಲ, ಊಟದ ಹೊತ್ತಿನ್ಯಾಗ ಅವರನ್ನ ನಾನಾ ಹುಡುಕ್ಕೋತೀನಿ." 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಧತ್ವವನ್ನೂ ಮಂದದೃಷ್ಟಿಯನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಅವರಿಬ್ಬರ ಮಾತು ಕೇಳಿದರೆ ಯಾಕೆಂದು ಅರ್ಥವಾಗುತ್ತದೆ. ನನಗೆ ಇಬ್ಬರದೂ ಸರಿಯೆನಿಸಿತು. ಬಟ್ಟೆಯ ಬಣ್ಣ ಒಂದೆರಡು ಪದದಲ್ಲಿರಲಿ, ಆ ಹುಡುಗಿಗೆ ಅಷ್ಟು ಸಾಕು, ಗೆಳೆಯರಿಗೆ ಅದು ಭಾರವೂ ಅಲ್ಲ. ಫೋನ್ ಕರೆಯಲ್ಲೇ ಇದ್ದವರು ತಮ್ಮ ಬಟ್ಟೆಯ ವಿಷಯಕ್ಕೆ ಹೋಗಲೇ ಇಲ್ಲ. ಹೆಸರು, ಊರು, "ಹಿಂದೆ ಮಗು ಅಳುವುದು ಕೇಳಿಸಬಹುದು" ಎಂಬ ಮಾತು. ಆ ಕರೆಗೆ ಬೇಕಾದದ್ದು ಅಷ್ಟೇ.

2022ರ ಜುಲೈ 26ರಂದು, ಅಮೆರಿಕದ ಅಂಗವಿಕಲರ ಕಾಯ್ದೆಯ ವಾರ್ಷಿಕ ದಿನದಂದು, ಅಲ್ಲಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅಂಗವಿಕಲರ ಮುಖಂಡರ ಸಭೆಯಲ್ಲಿ, ತಾನು ನೀಲಿ ಸೂಟು ತೊಟ್ಟು ಮೇಜಿನ ಬಳಿ ಕೂತಿರುವ ಹೆಂಗಸು ಎಂದು ಹೇಳಿಕೊಂಡರು. ಆ ತುಣುಕು ಹರಿದಾಡಿದಾಗ ಎಷ್ಟೋ ಜನ ನಕ್ಕರು. ನನಗೆ ಬೇಸರವಾಗಿತ್ತು. ಯಾರು, ಎಲ್ಲಿ ಕೂತಿದ್ದಾರೆ, ಏನು ತೊಟ್ಟಿದ್ದಾರೆ ಎಲ್ಲವೂ ಚಿಕ್ಕ ಮಾತಿನಲ್ಲಿದೆ. ಸಭೆಯಲ್ಲಿ ಬೇಕಾಗುವುದೂ ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ: ಯಾರನ್ನೂ ಒತ್ತಾಯಿಸಬಾರದು. ಅಂದು ಒಬ್ಬ ಯುವತಿ ಮೈಬಣ್ಣದ ಮಾತಿಗೆ ಬಂದು ಮಧ್ಯೆ ನಿಂತಳು. ವಧೂವರರ ಜಾಹೀರಾತಿನಲ್ಲಿ ಗೋಧಿ ಬಣ್ಣ, ಎಣ್ಣೆಗೆಂಪು ಎಂದೆಲ್ಲ ಅಳೆದು ನೋಡುವ ಊರಿನಲ್ಲಿ ಆ ಮಾತು ಯಾರಿಗೂ ಹಗುರವಲ್ಲ. ಕುಂಕುಮ, ಬುರ್ಖಾ, ಜನಿವಾರ ಹೇಳಿದರೆ ಜಾತಿ ಮತಗಳೂ ಹೊರಬೀಳುತ್ತವೆ. ಕಾಣುವವರಿಗೆ ಅವು ಹೇಗೂ ಕಾಣುತ್ತವೆ, ನಮಗೂ ತಿಳಿಯಲಿ ಎನ್ನುವ ವಾದ ನನಗೆ ಗೊತ್ತು, ಅದರಲ್ಲಿ ನ್ಯಾಯವೂ ಇದೆ. ಆದರೂ ಬಾಯಿಬಿಟ್ಟು ಹೇಳಬೇಕಾದವರ ಮೇಲೆ ಬೀಳುವ ಭಾರ ಬೇರೆ. "ಹೆಸರಷ್ಟೇ ಸಾಕಮ್ಮಾ" ಎಂದೆ. ಅವಳು ಹೆಸರು, ನೀಲಿ ಚೂಡಿದಾರ, ಒಂಬತ್ತು ಗಂಟೆಯ ಜಾಗ ಹೇಳಿ ಮುಗಿಸಿದಳು.

ಪರಿಚಯ ಮುಗಿದು ಕೆಲಸದ ಮಾತು ಶುರುವಾದ ಮೇಲೆ ಎಲ್ಲರೂ ಹೆಸರು ಹೇಳುವುದನ್ನು ಮರೆಯತೊಡಗಿದರು. ಮಾತು ಬಿಸಿಯಾದಷ್ಟೂ ಮರೆವು ಹೆಚ್ಚು. ನನಗೆ ನೆನಪಿಸುವುದೇ ಕೆಲಸವಾಯಿತು. ನಡುವೆ ಬಾಗಿಲು ತೆರೆದ ಸದ್ದು ಕೇಳಿತು, ಯಾರೋ ಬಂದರು, ಅಥವಾ ಹೋದರು. "ಯಾರ್ರೀ ಅದು?" ಎಂದು ಕೇಳಿದೆ. ಮೇಷ್ಟ್ರೇ ಹೊರಗೆ ಹೋಗಿ ಬಂದಿದ್ದರಂತೆ. ಬರುವಾಗ, ಹೋಗುವಾಗಲೂ ಹೆಸರು ಹೇಳಬೇಕೆಂದು ಮುಂದಿನ ಸಭೆಯ ಆಹ್ವಾನಪತ್ರದಲ್ಲಿ ಸೇರಿಸಲು ಅವರೇ ಸೂಚಿಸಿದರು. ಮಾದರಿ ಪರಿಚಯವನ್ನೂ ಅದರ ಕೆಳಗೇ ಹಾಕುವುದೆಂದು ಬರೆದುಕೊಂಡೆವು.