ಮದುವೆ ಫೋಟೋದ ಕೆಂಪು ಬೋರ್ಡ್: ಮೂರನೇ ದಿನದ ಕೆಲಸ

ವಧುವಿನ ತಾಯಿ ಬರೆದ ಪತ್ರ ಕೀಬೋರ್ಡಿನ ಪಕ್ಕದಲ್ಲೇ ಇದೆ. "ಮಗಳು ಅವರಪ್ಪನನ್ನು ತಬ್ಬಿಕೊಂಡಿರುವ ಫೋಟೋ ನಮಗೆಲ್ಲ ತುಂಬಾ ಇಷ್ಟ. ಆದರೆ ಕಣ್ಣು ಮೊದಲು ಹಿಂದಿನ ಕೆಂಪು ಬೋರ್ಡಿಗೇ ಹೋಗುತ್ತದೆ. ತೆಗೆಯೋಕೆ ಆಗುತ್ತಾ?" ಜೊತೆಗೆ 11 ಫೋಟೋಗಳ ನಂಬರ್ ಕೊಟ್ಟಿದ್ದಾರೆ. ಅವರು ಹೇಳಿದ್ದು ಸರಿ. ಚಾವಣಿಯಿಂದ ತೂಗುಹಾಕಿದ, ಒಳಗೆ ದೀಪವಿದ್ದ ಬೋರ್ಡ್ ಅದು. ಫೋಟೋ ತೆಗೆಯುವಾಗ ನಾನು ಮುಖಗಳನ್ನಷ್ಟೇ ನೋಡಿದ್ದೆ.

ಒಂಬತ್ತು ಫೋಟೋ ಮೊದಲ ದಿನವೇ ಮುಗಿದವು. ಬೋರ್ಡ್ ಜನರಿಂದ ದೂರವಿತ್ತು, ಸುತ್ತಲಿನ ಚಿತ್ರ ನೋಡಿ ಖಾಲಿ ಜಾಗವನ್ನು ತಾನೇ ತುಂಬುವ ಫೋಟೋಶಾಪ್‌ನ Content-Aware Fill ಸಾಕಾಯಿತು. ಇನ್ನೊಂದನ್ನು ಸ್ವಲ್ಪ ಕ್ರಾಪ್ ಮಾಡಿದೆ. ಉಳಿದದ್ದು ಅಪ್ಪ-ಮಗಳ ಫೋಟೋ. ಅಲ್ಲಿ ಬೋರ್ಡ್ ವಧುವಿನ ಕೂದಲಿಗೆ ತಾಗಿಕೊಂಡಿದೆ, ಹಿಂದೆ ಇಟ್ಟಿಗೆ ಗೋಡೆ. Fill ಕೊಟ್ಟರೆ ಕೂದಲನ್ನೂ ಗೋಡೆ ಮೇಲೆ ಎಳೆದುಬಿಡುತ್ತೆ. ಇಟ್ಟಿಗೆ ಸಾಲು ಸೊಟ್ಟಗಾಗುತ್ತೆ.

ನಿನ್ನೆ ಹಳೇ ಫೈಲ್‌ಗಳನ್ನೆಲ್ಲ ಹುಡುಕಿದೆ. ಎರಡು ಹೆಜ್ಜೆ ಎಡಕ್ಕೆ ನಿಂತು ತೆಗೆದ ಒಂದು ಫ್ರೇಮ್ ಸಿಕ್ಕಿತು. ಅದರಲ್ಲಿ ಬೋರ್ಡ್ ಪಕ್ಕಕ್ಕೆ ಸರಿದು, ಅದರ ಹಿಂದಿದ್ದ ಗೋಡೆಯೇ ಕಾಣುತ್ತಿತ್ತು! ಆ ಗೋಡೆಯನ್ನು ಬೇರೆ ಲೇಯರ್ ಆಗಿ ತಂದು, ಇಟ್ಟಿಗೆಯ ಗೆರೆಗೆ ಗೆರೆ ಕೂಡಿಸಿದೆ. ಆದರೂ ಅಂಟಿಸಿದ ಹಾಗೇ ಕಾಣುತ್ತಿತ್ತು. ಕಾರಣ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು ಅನ್ನೋದು. ಆ ಫ್ರೇಮ್ f/4, ಇದು f/2. f/4ರಲ್ಲಿ ಕಿಂಡಿ ಚಿಕ್ಕದು, ಹಾಗಾಗಿ ತಂದ ಗೋಡೆ ಜಾಸ್ತಿ ಸ್ಪಷ್ಟವಾಗಿತ್ತು. ಬ್ಲರ್ ಕೊಟ್ಟಾಗ ಮಸುಕು ಹೊಂದಿಕೊಂಡಿತು, ಆದರೆ ISO 3200ರಲ್ಲಿ ಬರುವ ಕಾಳುಕಾಳಾದ ನಾಯ್ಸ್ ಅಳಿಸಿಹೋಗಿ ಆ ಜಾಗ ಮಾತ್ರ ಮೇಣ ಬಳಿದ ಹಾಗೆ ನುಣ್ಣಗಾಯಿತು. ಅದಕ್ಕೆ ಮೇಲೆ ಮತ್ತೆ ನಾಯ್ಸ್ ಸೇರಿಸಿ, ಸುತ್ತಲಿನ ಗೋಡೆಯ ಕಾಳಿಗೆ ಸರಿಹೊಂದಿಸಿದೆ.

ಇವತ್ತಿಡೀ ಕೂದಲಿನ ಕೆಲಸ. ಬೋರ್ಡ್ ಹೋಯಿತು, ಆದರೆ ಅದರ ಬೆಳಕು ಉಳಿದಿತ್ತು. ಕಿವಿಯ ಮೇಲಿನ ಎಳೆಗಳಲ್ಲೂ ಭುಜದ ಅಂಚಿನಲ್ಲೂ ತೆಳ್ಳನೆ ಕೆಂಪು. ಬೋರ್ಡೇ ಇಲ್ಲದ ಮೇಲೆ ಆ ಕೆಂಪು ಎಲ್ಲಿಂದ ಬಂತು ಅಂತ ಕಣ್ಣು ಕೇಳುತ್ತೆ, ಅಲ್ವಾ? ಹೊಸ ಲೇಯರನ್ನು Color ಮೋಡಿನಲ್ಲಿಟ್ಟು, ಪಕ್ಕದ ಕೂದಲಿನ ಬಣ್ಣವನ್ನೇ ತೆಗೆದುಕೊಂಡು, ತೆಳುವಾಗಿ ಬಳಿಯುತ್ತಾ ಹೋದೆ. ಈ ಮೋಡಿನಲ್ಲಿ ಬಣ್ಣ ಮಾತ್ರ ಬದಲಾಗುತ್ತೆ, ಹೊಳಪು ಹಾಗೇ ಉಳಿಯುತ್ತೆ. ಬೋರ್ಡಿನ ಮೇಲೆ ಹಾದಿದ್ದ ಏಳೆಂಟು ಎಳೆಗಳನ್ನು ಸಣ್ಣ ಬ್ರಷ್‌ನಲ್ಲಿ ಒಂದೊಂದಾಗಿ ಎಳೆದೆ. ಅವನ್ನು ಪೂರ್ತಿ ಅಳಿಸಿದ್ದರೆ ತಲೆ ಕತ್ತರಿಸಿ ಅಂಟಿಸಿದ ಹಾಗಿರುತ್ತಿತ್ತು.

ಕೊನೆಗೆ ಎಲ್ಲದರ ಮೇಲೆ ಹೊಳಪನ್ನು ಬದಲಿಸುವ ಒಂದು Curves ಲೇಯರ್ ಹಾಕಿ ಅದರ ಗೆರೆಯನ್ನು ಜೋರಾಗಿ ಏರಿಳಿಸಿ ನೋಡಿದೆ. ತಪ್ಪು ಬಿಟ್ಟಿದ್ದರೆ ಇಲ್ಲಿ ಎದ್ದು ಕಾಣುತ್ತೆ. ಕಂಡಿತು ಕೂಡ: ಬೋರ್ಡಿನ ಕೆಳ ಅಂಚು ಇದ್ದಲ್ಲಿ ಒಂದು ಮಸುಕು ಪಟ್ಟಿ. ತಂದ ಗೋಡೆ ಎಲ್ಲಿಯವರೆಗೆ ಕಾಣಬೇಕೆಂದು ತೋರಿಸುವ ಮಾಸ್ಕಿನ ಅಂಚನ್ನು ಇನ್ನಷ್ಟು ಮೃದು ಮಾಡಿದ ಮೇಲೆ ಹೋಯಿತು. ಆ Curves ಲೇಯರ್ ತೆಗೆದು, ಪ್ರತಿಯನ್ನು ವಧುವಿನ ತಾಯಿಗೆ ಕಳಿಸಿದ್ದೇನೆ. ಮೂಲ ಫೈಲ್ ಮುಟ್ಟಿಲ್ಲ, ಅದೂ ಅವರಿಗೆ ಸಿಗುತ್ತೆ.